ಟೀಮ್ ಲೀಡ್ ಆಗಲ್ಲ ಅಂತ ಹೇಳಿದ್ದು

ನಮ್ಮ ತಂಡದ ಲೀಡ್ ಬೇರೆ ಪ್ರಾಜೆಕ್ಟ್‌ಗೆ ಹೋಗುವುದು ಖಚಿತವಾದ ವಾರವೇ ಮ್ಯಾನೇಜರ್ ನನ್ನನ್ನು ಮಾತಿಗೆ ಕರೆದರು. "ಅಭಿನಂದನೆಗಳು, ಮುಂದಿನ ಕ್ವಾರ್ಟರ್‌ನಿಂದ ಟೀಮ್ ನಿಮ್ಮದು" ಎಂದರು. ಅವರು ನನ್ನನ್ನು ಏನೂ ಕೇಳಲಿಲ್ಲ, ಸುಮ್ನೆ ಸುದ್ದಿ ಹೇಳಿದರು. ನಮ್ಮ ಕ್ಷೇತ್ರದಲ್ಲಿ ಈ ಹುದ್ದೆ ಬರುವುದೇ ಹೀಗೆ, ಬಹುಮಾನದ ವೇಷದಲ್ಲಿ. ಒಳ್ಳೆ ಕೋಡ್ ಬರೆದದ್ದಕ್ಕೆ ಬಹುಮಾನವಾಗಿ ಕೋಡ್ ಬರೆಯದ ಕೆಲಸ ಕೊಡುತ್ತಾರೆ. ಬಹುಮಾನ ಬೇಡ ಅಂದವರು ಸೊಕ್ಕಿನವರಂತೆ ಕಾಣುತ್ತಾರೆ, ಇಲ್ಲವೇ ಹೆದರಿದವರಂತೆ.

ನಾನು ಆ ತಂಡದಲ್ಲಿ ಡೇಟಾಬೇಸ್ ಮತ್ತು ಬ್ಯಾಕೆಂಡ್ ನೋಡಿಕೊಳ್ಳುತ್ತಿದ್ದೆ. ಬೇಡ ಅನ್ನುವುದು ಮನಸ್ಸಿನಲ್ಲಿ ಹೆಚ್ಚುಕಮ್ಮಿ ಆಗಲೇ ಇತ್ತು. ಆದರೂ ಅಲ್ಲೇ ಹೇಳಲಿಲ್ಲ. "ಖುಷಿ ಆಯ್ತು, ಒಂದು ವಾರ ಯೋಚನೆ ಮಾಡಿ ಹೇಳ್ತೀನಿ. ಅಷ್ಟರಲ್ಲಿ ಈ ಕೆಲಸದಲ್ಲಿ ಏನೇನು ಬರುತ್ತೆ ಅಂತ ಬರೆದು ಕಳಿಸ್ತೀರಾ?" ಎಂದೆ. ಬರೆದು ಕೇಳಿದ್ದಕ್ಕೆ ಕಾರಣವಿದೆ. ಟೀಮ್ ಲೀಡ್ ಅನ್ನುವ ಪದಕ್ಕೆ ಒಂದೊಂದು ಕಡೆ ಒಂದೊಂದು ಅರ್ಥ. ಕೆಲವು ಕಡೆ ಅದು ಡಿಸೈನ್ ತೀರ್ಮಾನ ಮಾಡುವ ಹಿರಿಯ ಇಂಜಿನಿಯರ್, ಜನರ ಅಪ್ರೈಸಲ್ ಅವರ ತಲೆಗಿಲ್ಲ. ಇನ್ನು ಕೆಲವು ಕಡೆ ಅದು ಮ್ಯಾನೇಜರ್ ಕೆಲಸದ ಮೊದಲ ಮೆಟ್ಟಿಲು. ರೇಟಿಂಗ್, ರಜೆ, ನೇಮಕ, ಎಲ್ಲವೂ ಬರುತ್ತದೆ. ಮೊದಲನೆಯದಾಗಿದ್ದರೆ ನಾನು ಬೇರೆ ರೀತಿ ಯೋಚಿಸುತ್ತಿದ್ದೆ. ಬಂದ ಉತ್ತರ ನೋಡಿದರೆ ಎರಡನೆಯದು: 8 ಜನ ನನಗೆ ರಿಪೋರ್ಟ್ ಮಾಡುತ್ತಾರೆ, ರೇಟಿಂಗ್ ನಾನು ಬರೆಯಬೇಕು, ಹೊಸಬರ ಇಂಟರ್ವ್ಯೂ ನಾನು ನೋಡಬೇಕು. ಕೊನೆಯಲ್ಲಿ ಒಂದು ಸಾಲು, "ಸುಮಾರು 50% ಸಮಯ ಕೋಡಿಂಗ್‌ಗೆ ಸಿಗುತ್ತದೆ".

ಆ 50% ಬಗ್ಗೆ ನನಗೆ ಅನುಮಾನ ಬಂತು. ಹೋಗುತ್ತಿದ್ದ ಲೀಡ್‌ನ ಕ್ಯಾಲೆಂಡರ್ ನಮಗೆಲ್ಲ ಕಾಣುತ್ತಿತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಹಾಕಿದೆ. 8 ಜನರ ಜೊತೆ ವಾರಕ್ಕೆ ತಲಾ ಅರ್ಧ ಗಂಟೆ ಒನ್-ಆನ್-ಒನ್, ಒಟ್ಟು 4 ಗಂಟೆ. ದಿನಾ ಕಾಲು ಗಂಟೆ ಸ್ಟ್ಯಾಂಡಪ್, ವಾರಕ್ಕೆ ಒಂದೂಕಾಲು. ಸ್ಪ್ರಿಂಟ್ ಪ್ಲಾನಿಂಗ್ ಮತ್ತು ರೆಟ್ರೋ ಸೇರಿ ಸರಾಸರಿ 2. ಪ್ರಾಡಕ್ಟ್‌ನವರು, ಬೇರೆ ತಂಡದವರ ಜೊತೆ 5. ಇಂಟರ್ವ್ಯೂಗೆ ಎರಡು ಮೂರು. ಹತ್ತಿರ ಹತ್ತಿರ 15 ಗಂಟೆ. 40ರಲ್ಲಿ 15 ಹೋದರೆ 25 ಉಳಿಯಿತಲ್ಲ, ಅರ್ಧಕ್ಕಿಂತ ಜಾಸ್ತಿಯೇ ಆಯ್ತು ಅನ್ನಿಸಬಹುದು. ಕಾಗದದ ಮೇಲೆ ಮ್ಯಾನೇಜರ್ ಹೇಳಿದ್ದು ಸುಳ್ಳಲ್ಲ.

ಆದರೆ ಆ 25 ಗಂಟೆ ಹೇಗೆ ಉಳಿಯುತ್ತದೆ ಅನ್ನುವುದೇ ಮುಖ್ಯ. ಕ್ಯಾಲೆಂಡರ್‌ನಲ್ಲಿ ಖಾಲಿ ಇದ್ದ ಜಾಗಗಳನ್ನು ನೋಡುತ್ತಾ ಹೋದೆ. ಇಲ್ಲಿ 40 ನಿಮಿಷ, ಅಲ್ಲಿ ಮುಕ್ಕಾಲು ಗಂಟೆ. ಎರಡು ಗಂಟೆ ಒಟ್ಟಿಗೆ ಸಿಗುವುದು ವಾರದಲ್ಲಿ ಎಲ್ಲೋ ಒಂದೆರಡು ಸಲ. ಅದೂ ಯಾರಾದರೂ "ಒಂದ್ನಿಮಿಷ ಮಾತಾಡಬಹುದಾ?" ಅಂತ ಬರುವವರೆಗೆ ಮಾತ್ರ. ಹಾಗೆ ಬಂದವರನ್ನು ಲೀಡ್ ಆದವರು ಕಾಯಿಸಬಾರದು, ಅದೇ ಅವರ ಕೆಲಸ. ನನ್ನ ಕೆಲಸ ಇರುವುದು ಯಾವುದೋ ಕ್ವೆರಿ ಯಾಕೆ ಸೋಮವಾರ ಮಾತ್ರ ನಿಧಾನವಾಗುತ್ತದೆ ಅನ್ನುವಂಥ ಕಡೆ. ಮೊದಲ ಅರ್ಧ ಗಂಟೆ ಎಲ್ಲವನ್ನೂ ತಲೆಯಲ್ಲಿ ತುಂಬಿಕೊಳ್ಳುವುದಕ್ಕೇ ಹೋಗುತ್ತದೆ. 40 ನಿಮಿಷದ ತುಂಡಿನಲ್ಲಿ ಆಗುವುದು ಸಣ್ಣ ಬಗ್ ಫಿಕ್ಸ್, ಕೋಡ್ ರಿವ್ಯೂ, ಡಾಕ್ಯುಮೆಂಟ್ ತಿದ್ದುವುದು. ಒಳ್ಳೆ ಲೀಡ್‌ಗಳು ತಾವಾಗಿಯೇ ಮುಖ್ಯ ಕೋಡ್ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಇಡೀ ತಂಡ ಅವರ ಮೀಟಿಂಗ್ ಮುಗಿಯಲಿ ಅಂತ ಕಾಯಬೇಕಾಗುತ್ತದೆ. ಹಾಗಾಗಿ ಕೋಡಿಂಗ್‌ಗೆ 50% ಸಿಗುತ್ತದೆ ನಿಜ, ನಾನು ಮಾಡುವ ಕೋಡಿಂಗ್‌ಗೆ ಸಿಗುವುದಿಲ್ಲ.

ಮನೆಯಲ್ಲಿ ಹೇಳಿದಾಗ ಬಂದ ಪ್ರಶ್ನೆ ಒಂದೇ, "ಪ್ರಮೋಷನ್ ಯಾರಾದ್ರೂ ಬಿಡ್ತಾರಾ?" ಅದಕ್ಕೆ ಚಿಕ್ಕ ಉತ್ತರ ಇರಲಿಲ್ಲ.

ಇನ್ನೊಂದು ವಿಷಯ ನನ್ನ ಪಾಲಿಗೆ ಅನುಕೂಲಕರವಾಗಿತ್ತು. ಹಿಂದೆ ಲೀಡ್ ದೀರ್ಘ ರಜೆಯಲ್ಲಿದ್ದಾಗ ಅವರ ಜಾಗದಲ್ಲಿ ನಾನೇ ಕೆಲವು ವಾರ ನಿಂತಿದ್ದೆ. ಹಾಗಾಗಿ ಅದು ಹೇಗಿರುತ್ತದೆ ಅನ್ನುವುದು ಊಹೆ ಆಗಿರಲಿಲ್ಲ. ಆಗಿನ ಒಂದು ಮಧ್ಯಾಹ್ನ ಹೇಳಲೇಬೇಕು. ಬಿಡುಗಡೆಯ ಹೊತ್ತಿನಲ್ಲಿ ಇಡೀ ಆ್ಯಪ್ ನಿಂತುಹೋಯಿತು. ಆರ್ಡರ್ ಪುಟ ತೆರೆಯುತ್ತಿಲ್ಲ, ಎಲ್ಲ ರಿಕ್ವೆಸ್ಟ್‌ಗಳೂ ಟೈಮ್‌ಔಟ್. ವಿಚಿತ್ರ ಅಂದರೆ ಡೇಟಾಬೇಸ್ ಸರ್ವರ್‌ನ ಸಿಪಿಯು ಆರಾಮಾಗಿ ಕೂತಿತ್ತು, ಲೋಡ್ ಏನೂ ಇಲ್ಲ. ಸಿಪಿಯು ತಣ್ಣಗಿದ್ದು ಎಲ್ಲರೂ ಕಾಯುತ್ತಿದ್ದಾರೆ ಅಂದರೆ ಮೊದಲು ಲಾಕ್ ಮೇಲೆ ಅನುಮಾನ ಪಡಬೇಕು, ಅಂದರೆ ಯಾರೋ ಟೇಬಲ್ ಹಿಡಿದುಕೊಂಡು ಉಳಿದವರನ್ನು ಕಾಯಿಸುತ್ತಿದ್ದಾರೆ ಅಂತ. ಕೀಬೋರ್ಡ್ ಮುಂದೆ ಇದ್ದದ್ದು ತಂಡಕ್ಕೆ ಹೊಸದಾಗಿ ಬಂದಿದ್ದ ಸಹೋದ್ಯೋಗಿ. ನಾನು ಅವರ ಹಿಂದೆ ನಿಂತು ಇದನ್ನು ಓಡಿಸಿ ನೋಡಿ ಎಂದೆ:

```sql
SELECT pid, pg_blocking_pids(pid), left(query, 60)
FROM pg_stat_activity
WHERE wait_event_type = 'Lock';
```

ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಅನ್ನುವುದು ಇದರಲ್ಲಿ ಕಾಣುತ್ತದೆ. ಉದ್ದ ಪಟ್ಟಿ ಬಂತು. ಹೆಚ್ಚಿನವು ಸಾಮಾನ್ಯ `SELECT`ಗಳು, ಅವೆಲ್ಲ ಕಾಯುತ್ತಿದ್ದದ್ದು ಒಂದೇ `ALTER TABLE`ಗೆ. ಆ `ALTER` ಕೂಡ ಕಾಯುತ್ತಲೇ ಇತ್ತು, ಯಾರೋ ಬೆಳಿಗ್ಗೆ ಹಾಕಿದ್ದ ಒಂದು ದೊಡ್ಡ ರಿಪೋರ್ಟ್ ಕ್ವೆರಿಗೆ. ರಿಪೋರ್ಟ್ ಬರೀ ಓದುತ್ತಿತ್ತು, ಅದರಿಂದ ಬೇರೆ ಓದುವವರಿಗೆ ತೊಂದರೆ ಇಲ್ಲ. ಆದರೆ ಕಾಲಮ್ ಸೇರಿಸುವ `ALTER`ಗೆ ಟೇಬಲ್ ಪೂರ್ತಿ ತನಗೊಬ್ಬನಿಗೇ ಬೇಕು. ಅದು ಕಾಯುತ್ತಾ ನಿಂತಿತು ಅಂದರೆ, ಅದರ ನಂತರ ಬಂದವರೆಲ್ಲ ಅದರ ಹಿಂದೆ ನಿಲ್ಲಬೇಕು. ಕಿರಿದಾದ ಬಾಗಿಲಿನಲ್ಲಿ ಬೀರು ಹೊತ್ತು ನಿಂತವನ ಹಿಂದೆ ಬರಿಗೈಯವರೂ ಸಾಲು ನಿಂತ ಹಾಗೆ.

ಪರಿಹಾರ ಸರಳ: `ALTER` ರದ್ದು ಮಾಡಿದರೆ ಸಾಲು ತಕ್ಷಣ ಕರಗುತ್ತದೆ. ಆಮೇಲೆ ಅದನ್ನು ಹೀಗೆ ಓಡಿಸಬೇಕು:

```sql
SET lock_timeout = '3s';
ALTER TABLE orders ADD COLUMN note text;
```

3 ಸೆಕೆಂಡಿನಲ್ಲಿ ಲಾಕ್ ಸಿಗದಿದ್ದರೆ ಅದು ಎರರ್ ಕೊಟ್ಟು ಹಿಂದೆ ಸರಿಯುತ್ತದೆ, ನಾವು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸಬಹುದು. ಇಷ್ಟು ನನಗೆ ಆ ಪಟ್ಟಿ ನೋಡಿದ ಕೂಡಲೇ ಗೊತ್ತಾಗಿತ್ತು. ಆದರೆ ಅವತ್ತು ನಾನು ಲೀಡ್ ಜಾಗದಲ್ಲಿದ್ದೆ. ಸಪೋರ್ಟ್‌ನವರಿಗೆ ಏನು ಹೇಳಬೇಕು ಅಂತ ತಿಳಿಸಬೇಕು, ಮ್ಯಾನೇಜರ್‌ಗೆ ಹತ್ತು ನಿಮಿಷಕ್ಕೊಮ್ಮೆ ಸ್ಥಿತಿ ಬರೆಯಬೇಕು, ರಿಪೋರ್ಟ್ ಹಾಕಿದ ತಂಡವನ್ನು ಹುಡುಕಿ ಮಾತಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಆ ಸಹೋದ್ಯೋಗಿಗೆ ಪಟ್ಟಿಯನ್ನು ತಾವೇ ಓದಿ ಅರ್ಥ ಮಾಡಿಕೊಳ್ಳಲು ಸಮಯ ಬಿಡಬೇಕು. ಅವರು ರಿಪೋರ್ಟ್ ಕ್ವೆರಿ ಕೊಲ್ಲಬೇಕೋ `ALTER` ರದ್ದು ಮಾಡಬೇಕೋ ಅಂತ ಯೋಚಿಸುತ್ತಿದ್ದರು. ನಾನು ಉತ್ತರ ಹೇಳಲಿಲ್ಲ. "ಯಾವುದನ್ನು ನಿಲ್ಲಿಸಿದರೆ ಯಾರ ಕೆಲಸ ಹಾಳಾಗುತ್ತೆ?" ಅಂತ ಮಾತ್ರ ಕೇಳಿದೆ. ಅವರು ಸರಿಯಾದ ಕಡೆಗೇ ಬಂದರು.

ಎಲ್ಲ ಚೆನ್ನಾಗಿಯೇ ಮುಗಿಯಿತು. ನಾನು ಲೀಡ್ ಕೆಲಸವನ್ನು ಸರಿಯಾಗಿಯೇ ಮಾಡಿದ್ದೆ, ಮ್ಯಾನೇಜರ್ ಕೂಡ ಹೊಗಳಿದರು. ಸಂಜೆ ಮನೆಗೆ ಹೋಗುವಾಗ ನನಗೆ ಇದ್ದದ್ದು ಬರೀ ಸುಸ್ತು. ಆ ಸಹೋದ್ಯೋಗಿಯ ಮುಖದಲ್ಲಿದ್ದ ಖುಷಿ ನನಗೆ ಬೇಕಿತ್ತು. ಲಾಕ್ ಸಾಲು ಕರಗಿದ ಕ್ಷಣದಲ್ಲಿ ನಾನು ಸಪೋರ್ಟ್‌ನವರಿಗೆ ಮೆಸೇಜ್ ಟೈಪ್ ಮಾಡುತ್ತಿದ್ದೆ, ಅದನ್ನು ನೋಡಲೂ ಆಗಲಿಲ್ಲ. ಕೆಲವರಿಗೆ ಇದು ಉಲ್ಟಾ: ಇನ್ನೊಬ್ಬರು ಕಲಿತು ಗೆದ್ದರೆ ಅವರಿಗೆ ತಾವೇ ಗೆದ್ದದ್ದಕ್ಕಿಂತ ಜಾಸ್ತಿ ಖುಷಿ. ಅಂಥವರು ಲೀಡ್ ಆಗಬೇಕು. ನಾನು ಅಂಥವರಲ್ಲ, ಅಷ್ಟೇ.

ಮಾತುಕತೆಗೆ ಹೋಗುವ ಮುಂಚೆ ಒಂದು ತೀರ್ಮಾನ ಮಾಡಿಕೊಂಡಿದ್ದೆ: "ನನ್ನಿಂದ ಆಗಲ್ಲ" ಅನ್ನಬಾರದು, "ಈಗ ಬೇಡ" ಅಂತಲೂ ಅನ್ನಬಾರದು. ಆಗಲ್ಲ ಅಂದರೆ ಟ್ರೇನಿಂಗ್ ಕೊಡಿಸುತ್ತೇವೆ ಅನ್ನುತ್ತಾರೆ. ಅದರ ಜೊತೆಗೆ ಆತ್ಮವಿಶ್ವಾಸ ಕಡಿಮೆ ಅನ್ನುವ ಹಣೆಪಟ್ಟಿ ಬೇರೆ. ಈಗ ಬೇಡ ಅಂದರೆ ಮುಂದೆ ಬೇಕು ಅಂತ ಅರ್ಥ. ಬೇರೆ ತಂಡದ ನನ್ನ ಸ್ನೇಹಿತರೊಬ್ಬರು ದಾಕ್ಷಿಣ್ಯಕ್ಕೆ ಬಿದ್ದು ಹಾಗೆ ಹೇಳಿದ್ದರು. ಮುಂದಿನ ರಿವ್ಯೂ ಹೊತ್ತಿಗೆ ಮ್ಯಾನೇಜರ್ ಮತ್ತೆ ಹಾಜರ್, "ನೀವೇ ಆಮೇಲೆ ಅಂದಿದ್ರಲ್ವಾ?"

ಹಾಗಾಗಿ ನೇರವಾಗಿಯೇ ಶುರು ಮಾಡಿದೆ. "ಯೋಚನೆ ಮಾಡಿದೆ. ನನಗೆ ಈ ಹುದ್ದೆ ಬೇಡ. ಮಾಡಲು ಬರಲ್ಲ ಅಂತಲ್ಲ, ಹಿಂದೆ ಮಾಡಿದ್ದೀನಿ, ನೀವೂ ನೋಡಿದ್ದೀರಿ. ಆದರೆ ನಾನು ಮಾಡಬೇಕು ಅಂದುಕೊಂಡಿರುವ ಕೆಲಸ ಅದಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀವು ಒಪ್ಪದಿದ್ದರೆ ಹೊರಗಿನಿಂದ ಯಾರನ್ನಾದರೂ ತರಬೇಕಾಗುತ್ತೆ. ನಿಮಗಿಂತ ಕಡಿಮೆ ಗೊತ್ತಿರುವವರು ನಿಮ್ಮ ಮೇಲೆ ಬಂದರೆ ಪರವಾಗಿಲ್ವಾ?" ಎಂದರು.

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಸಿಗದಿದ್ದರೆ ಬೇಡ ಅನ್ನಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಲೀಡ್ ಆಗಲ್ಲ ಅಂದಮೇಲೆ ಲೀಡ್ ಆದವರ ಮಾತು ಕೇಳಬೇಕು. ಅವರು ನನಗಿಂತ ಕಿರಿಯರಾಗಿದ್ದರೂ, ನನಗೆ ಒಪ್ಪಿಗೆಯಾಗದ ಆದ್ಯತೆ ಇಟ್ಟರೂ. ನಾನು ಹೇಳಿದೆ, "ಪರವಾಗಿಲ್ಲ. ಆದರೆ ಹೊರಗಿನಿಂದ ತರುವ ಮುಂಚೆ ತಂಡದಲ್ಲಿ ಇನ್ನೊಬ್ಬರನ್ನು ಕೇಳಿ." ಒಂದು ಹೆಸರು ಹೇಳಿದೆ. ಆಕೆ ನನಗಿಂತ ಅನುಭವದಲ್ಲಿ ಕಿರಿಯರು. ಆದರೆ ಎರಡು ತಂಡಗಳ ನಡುವೆ ಜಗಳ ಬಂದರೆ ಮೊದಲು ಫೋನ್ ಮಾಡುವವರು ಅವರೇ, ಹೊಸಬರು ಪ್ರಶ್ನೆ ಕೇಳಲು ಹೋಗುವುದೂ ಅವರ ಹತ್ತಿರವೇ. ಹೆಸರು ಹೇಳುವ ಮುಂಚೆ ಆಕೆಯ ಹತ್ತಿರ ಮಾತಾಡಿ, ಆಸಕ್ತಿ ಇದೆಯಾ ಅಂತ ಕೇಳಿಕೊಂಡಿದ್ದೆ. ಸುಮ್ನೆ ಇನ್ನೊಬ್ಬರನ್ನು ಮುಂದೆ ತಳ್ಳಿ ತಾನು ತಪ್ಪಿಸಿಕೊಳ್ಳುವುದು ಸರಿಯಲ್ಲ.

ಮ್ಯಾನೇಜರ್ ಅದನ್ನು ಬರೆದುಕೊಂಡರು, ಆದರೆ ಬಿಡಲಿಲ್ಲ. "ಒಂದು ಕೆಲಸ ಮಾಡೋಣ. ಆರು ತಿಂಗಳು ಆ್ಯಕ್ಟಿಂಗ್ ಲೀಡ್ ಆಗಿ ನೋಡಿ. ಇಷ್ಟ ಆಗದಿದ್ದರೆ ವಾಪಸ್ ಬನ್ನಿ."

ಈ ಪ್ರಸ್ತಾಪ ಕೇಳಲು ಎಷ್ಟು ಹಿತವಾಗಿದೆ ನೋಡಿ. ಬೇಡ ಅನ್ನಲು ಕಾರಣವೇ ಸಿಗುವುದಿಲ್ಲ. ಆದರೆ ಆರು ತಿಂಗಳು ಅಂದರೆ ನಡುವೆ ಒಂದು ಅಪ್ರೈಸಲ್ ಬರುತ್ತದೆ. 8 ಜನರ ರೇಟಿಂಗ್ ನಾನು ಬರೆದಿರುತ್ತೇನೆ. ಆಮೇಲೆ ಅದೇ ಜನರ ಪಕ್ಕ ಮತ್ತೆ ಸಹೋದ್ಯೋಗಿಯಾಗಿ ಕೂರಬೇಕು. ಇನ್ನೊಂದು, ನನ್ನ ಈಗಿನ ಕೆಲಸವನ್ನು ಆ ಆರು ತಿಂಗಳು ಬೇರೆ ಯಾರೋ ಮಾಡಿರುತ್ತಾರೆ, ವಾಪಸ್ ಬಂದಾಗ ಅದು ಅವರದ್ದಾಗಿರುತ್ತದೆ. ಮತ್ತು ಹೊರಗಿನವರ ಕಣ್ಣಿಗೆ ಲೀಡ್ ಆಗಿ ಹಿಂದೆ ಬಂದವರು ಸೋತು ಬಂದವರೇ. ಮೊದಲೇ ಬೇಡ ಅಂದವರಿಗೆ ಆ ಹೆಸರು ಬರುವುದಿಲ್ಲ. ನಿಜವಾಗಿಯೂ ಇಷ್ಟವಿದೆಯೋ ಇಲ್ಲವೋ ಗೊತ್ತಿಲ್ಲದವರಿಗೆ ಆ್ಯಕ್ಟಿಂಗ್ ಒಳ್ಳೆಯದೇ, ಕೊನೆ ದಿನಾಂಕವೂ ವಾಪಸ್ ಬರುವ ಜಾಗವೂ ಬರಹದಲ್ಲಿದ್ದರೆ. ನನಗೆ ಗೊತ್ತಿತ್ತು.

"ಆರು ತಿಂಗಳು ಬೇಡ" ಎಂದೆ. "ಹೊಸ ಲೀಡ್ ಬರುವವರೆಗೆ ಸ್ಟ್ಯಾಂಡಪ್ ಮತ್ತು ರಿಲೀಸ್ ನಾನು ನಡೆಸ್ತೀನಿ, ಈ ಕ್ವಾರ್ಟರ್ ಕೊನೆವರೆಗೆ. ಒನ್-ಆನ್-ಒನ್, ರಜೆ, ರೇಟಿಂಗ್ ನಿಮ್ಮ ಹತ್ತಿರವೇ ಇರಲಿ." ಅದಕ್ಕೆ ಅವರು ಒಪ್ಪಿದರು. ಕೆಲಸ ನಿಲ್ಲಬಾರದು ಅನ್ನುವುದೇ ಅವರ ನಿಜವಾದ ಚಿಂತೆಯಾಗಿತ್ತು ಅಂತ ನನಗೆ ಆಗ ಅನ್ನಿಸಿತು.

ಆಮೇಲೆ ನಾನು ಕೇಳಬೇಕಾದದ್ದು ಕೇಳಿದೆ. ನಮ್ಮಲ್ಲಿ ಸೀನಿಯರ್ ಆದಮೇಲೆ ದಾರಿ ಎರಡಾಗುತ್ತದೆ. ಒಂದು ಕಡೆ ಲೀಡ್, ಮ್ಯಾನೇಜರ್, ಡೈರೆಕ್ಟರ್. ಇನ್ನೊಂದು ಕಡೆ ಸ್ಟಾಫ್ ಇಂಜಿನಿಯರ್, ಪ್ರಿನ್ಸಿಪಲ್ ಇಂಜಿನಿಯರ್. ಎರಡಕ್ಕೂ ಗ್ರೇಡ್ ಸಮ ಅಂತ ಎಚ್‌ಆರ್ ಪುಟದಲ್ಲಿ ಬರೆದಿರುತ್ತದೆ. ಬಹಳ ಕಂಪನಿಗಳಲ್ಲಿ ಹೀಗೆ ಬರೆದಿರುತ್ತದೆ. ಆ ಎರಡನೇ ದಾರಿಯಲ್ಲಿ ನಡೆದವರು ಯಾರಾದರೂ ಇದ್ದಾರಾ ಅಂತ ನೋಡಬೇಕು. "ನಮ್ಮ ವಿಭಾಗದಲ್ಲಿ ಈಗ ಸ್ಟಾಫ್ ಆಗಿರುವವರು ಎಷ್ಟು ಜನ? ಅವರಲ್ಲಿ ಒಳಗಿನಿಂದಲೇ ಬೆಳೆದವರು ಯಾರು?" ಅಂತ ಕೇಳಿದೆ. ಉತ್ತರ ಅಷ್ಟೇನೂ ಖುಷಿ ಕೊಡಲಿಲ್ಲ. ಇದ್ದವರು ಬೆರಳೆಣಿಕೆ, ಹೆಚ್ಚಿನವರು ಹೊರಗಿನಿಂದ ಬಂದವರು. ಆದರೆ ಒಬ್ಬರು ಒಳಗಿನವರಿದ್ದರು. ಅವರ ಪ್ರಮೋಷನ್‌ಗೆ ಬರೆದ ದಾಖಲೆ ನೋಡಲು ಸಿಗುತ್ತಾ ಅಂತ ಕೇಳಿ, ಅವರ ಅನುಮತಿ ಪಡೆದು ಓದಿದೆ. ಒಂದು ತಂಡದೊಳಗೆ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಅಲ್ಲಿ ಬೆಲೆ ಇರಲಿಲ್ಲ. ಹಲವು ತಂಡಗಳು ಬಳಸುವ ಏನನ್ನಾದರೂ ಕಟ್ಟಿರಬೇಕು, ಅದರಿಂದ ಆ ತಂಡಗಳ ಕೆಲಸ ಬದಲಾಗಿರಬೇಕು. ಇದು ಗೊತ್ತಾದದ್ದು ಒಳ್ಳೆಯದಾಯಿತು, ಯಾಕೆಂದರೆ ನಾನು ಸುಮ್ನೆ ಟಿಕೆಟ್ ಮುಗಿಸುತ್ತಾ ಕೂತಿದ್ದರೆ ಆ ದಾರಿಯಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ.

ಅವತ್ತೇ ಸಂಜೆ ಮೇಲ್ ಬರೆದೆ. ಬಾಯಿಮಾತು ಮೂರು ತಿಂಗಳಲ್ಲಿ ಬಣ್ಣ ಬದಲಾಯಿಸುತ್ತದೆ, ಮ್ಯಾನೇಜರ್ ಬದಲಾದರೆ ಪೂರ್ತಿ ಮರೆತೇ ಹೋಗುತ್ತದೆ. ಅದರ ಸಾರ ಇಷ್ಟು:

"ಲೀಡ್ ಹುದ್ದೆಗೆ ನನ್ನನ್ನು ಕೇಳಿದ್ದಕ್ಕೆ ಧನ್ಯವಾದ. ನಾನು ಇಂಜಿನಿಯರ್ ಆಗಿಯೇ ಮುಂದುವರಿಯಲು ಬಯಸುತ್ತೇನೆ. ಈ ಕ್ವಾರ್ಟರ್ ಕೊನೆವರೆಗೆ ಸ್ಟ್ಯಾಂಡಪ್ ಮತ್ತು ರಿಲೀಸ್ ನೋಡಿಕೊಳ್ಳುತ್ತೇನೆ. ಆ ನಂತರ ನನ್ನ ಜವಾಬ್ದಾರಿ: ಡೇಟಾಬೇಸ್ ಬದಲಾವಣೆಗಳ ಡಿಸೈನ್ ರಿವ್ಯೂ, ಎಲ್ಲ ತಂಡಗಳಿಗೂ ಆ ಬದಲಾವಣೆಗಳನ್ನು ಓಡಿಸುವ ಮೈಗ್ರೇಷನ್ ಟೂಲ್, ಇಬ್ಬರು ಹೊಸಬರಿಗೆ ಮಾರ್ಗದರ್ಶನ. ಮುಂದಿನ ರಿವ್ಯೂನಲ್ಲಿ ಸ್ಟಾಫ್ ಗ್ರೇಡ್ ಬಗ್ಗೆ ಮಾತಾಡೋಣ."

ಕಾರಣಗಳನ್ನು ಅದರಲ್ಲಿ ಬರೆಯಲಿಲ್ಲ. ಕಾರಣ ಬರೆದರೆ ಅದಕ್ಕೆ ಪರಿಹಾರ ಹುಡುಕಲು ಶುರು ಮಾಡುತ್ತಾರೆ. ಮೀಟಿಂಗ್ ಜಾಸ್ತಿ ಅಂದರೆ ಮೀಟಿಂಗ್ ಕಡಿಮೆ ಮಾಡೋಣ ಅನ್ನುತ್ತಾರೆ, ಮಾತು ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ.

ಕ್ವಾರ್ಟರ್ ಮುಗಿಯುವ ಹೊತ್ತಿಗೆ ನಾನು ಹೆಸರು ಹೇಳಿದ್ದ ಸಹೋದ್ಯೋಗಿಯೇ ಲೀಡ್ ಆದರು. ಕಷ್ಟ ಶುರುವಾದದ್ದು ಆಮೇಲೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: ಹುದ್ದೆ ಬೇಡ ಅಂದರೂ ಹುದ್ದೆಯ ಕೆಲಸ ಹುಡುಕಿಕೊಂಡು ಬರುತ್ತದೆ. ಜನ ಅಭ್ಯಾಸದಿಂದ ನನ್ನ ಹತ್ತಿರವೇ ಬರುತ್ತಿದ್ದರು. ಈ ಟಿಕೆಟ್ ಈ ಸ್ಪ್ರಿಂಟ್‌ಗೆ ಹಾಕೋಣವಾ, ಆ ತಂಡಕ್ಕೆ ಯಾವ ದಿನಾಂಕ ಹೇಳಲಿ? ನನಗೆ ಉತ್ತರ ಗೊತ್ತಿರುತ್ತಿತ್ತು, ಹೇಳುವುದು ಒಂದು ನಿಮಿಷದ ಕೆಲಸ. ಆದರೆ ಹಾಗೆ ಹೇಳುತ್ತಾ ಹೋದರೆ ತಂಡಕ್ಕೆ ಇಬ್ಬರು ಲೀಡ್ ಆಗುತ್ತಾರೆ, ಒಬ್ಬರು ಕಾಗದದ ಮೇಲೆ, ಒಬ್ಬರು ಹಿಂಬಾಗಿಲಲ್ಲಿ. ಹೊಸ ಲೀಡ್‌ಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ನನಗೂ ನಷ್ಟ: ಲೀಡ್‌ನ ಅಡ್ಡಿಗಳೆಲ್ಲ ಬರುತ್ತವೆ, ಅಧಿಕಾರ ಇಲ್ಲ, ಸಂಬಳವೂ ಇಲ್ಲ.

ನಾವಿಬ್ಬರೂ ಕೂತು ಒಂದು ಗೆರೆ ಎಳೆದುಕೊಂಡೆವು. ಏನು ಮೊದಲು, ಯಾರು, ಯಾವಾಗ ಅನ್ನುವುದು ಅವರದು. ಸ್ಕೀಮಾ ಹೇಗಿರಬೇಕು, ಮೈಗ್ರೇಷನ್ ಸುರಕ್ಷಿತವೇ ಅನ್ನುವುದು ನನ್ನದು. ಗೆರೆಯ ಮೇಲೆ ಬೀಳುವ ಪ್ರಶ್ನೆ, ಉದಾಹರಣೆಗೆ ಹಳೆ ಕೋಡ್ ಸರಿಪಡಿಸಲು ಒಂದು ಸ್ಪ್ರಿಂಟ್ ಕೊಡಬೇಕಾ, ಅದನ್ನು ಇಬ್ಬರೂ ಮಾತಾಡಿ ಅವರು ತೀರ್ಮಾನಿಸುತ್ತಾರೆ. ಇದನ್ನು ತಂಡಕ್ಕೂ ಹೇಳಿದೆವು. ಅದಾದಮೇಲೆ ಯಾರಾದರೂ ದಿನಾಂಕ ಕೇಳಿದರೆ "ಅವರನ್ನು ಕೇಳಿ" ಅಂತಷ್ಟೇ ಹೇಳುತ್ತಿದ್ದೆ. ಮೊದಲಿಗೆ ಜನರಿಗೆ ನಾನು ಮುನಿಸಿಕೊಂಡಿದ್ದೇನೆ ಅನ್ನಿಸಿತಂತೆ. ಸ್ವಲ್ಪ ದಿನಕ್ಕೆ ಸರಿಹೋಯಿತು.

ಒಂದು ಸಲ ಗೆರೆಗೆ ನಿಜವಾದ ಪರೀಕ್ಷೆ ಬಂತು. ನಾನು ಬೇಡ ಅಂದಿದ್ದ ಒಂದು ಫೀಚರ್ ಅನ್ನು ಅವರು ಮುಂದಕ್ಕೆ ತಂದರು. ನನ್ನ ವಾದ ಅವರಿಗೆ ಅರ್ಥವಾಗಿತ್ತು, ಆದರೆ ಗ್ರಾಹಕರಿಗೆ ಕೊಟ್ಟ ಮಾತು ಅವರ ಮುಂದಿತ್ತು. ಹಲ್ಲು ಕಚ್ಚಿಕೊಂಡು ಅದನ್ನು ಆದಷ್ಟು ಅಂದವಾಗಿ ಕಟ್ಟಿಕೊಟ್ಟೆ. ಅದು ಈಗಲೂ ನನಗೆ ಇಷ್ಟವಿಲ್ಲ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಆ ವರ್ಷ ನನ್ನ ಹೈಕ್ ಸಾಧಾರಣ. ಲೀಡ್ ಆಗಿದ್ದರೆ ಗ್ರೇಡ್ ಬದಲಾಗುತ್ತಿತ್ತು, ಜಾಸ್ತಿಯೇ ಸಿಗುತ್ತಿತ್ತು. ಇದು ನಿಜವಾದ ಬೆಲೆ, ಮನೆಯ ಲೆಕ್ಕದಲ್ಲಿ ಗೊತ್ತಾಗುವಂಥದ್ದು. ಸಾಲ ತಲೆ ಮೇಲಿದ್ದವರು ಬೇರೆ ತೀರ್ಮಾನ ಮಾಡಿದರೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಮೈಗ್ರೇಷನ್ ಟೂಲ್ ಈಗ ನಮ್ಮ ತಂಡ ಬಿಟ್ಟು ಬೇರೆ ತಂಡಗಳೂ ಬಳಸುತ್ತಿವೆ. `lock_timeout` ಇಲ್ಲದ `ALTER` ಬಂದರೆ ಅದು ಬಿಡುಗಡೆಯನ್ನೇ ತಡೆಯುತ್ತದೆ. ಯಾರಿಗಾದರೂ ಅದನ್ನು ದಾಟಲೇಬೇಕು ಅಂದರೆ ಕಾರಣ ಬರೆಯಬೇಕು, ಮತ್ತು ಬರೆದ ಕಾರಣಗಳನ್ನು ಓದುವುದು ನನ್ನ ಶುಕ್ರವಾರದ ಮನರಂಜನೆ. ಸ್ಟಾಫ್ ಗ್ರೇಡ್‌ಗೆ ದಾಖಲೆ ಬರೆದು ಕಳಿಸಿದ್ದೇನೆ. ಒಂದು ಸಲ ವಾಪಸ್ ಬಂತು, ಬೇರೆ ತಂಡಗಳ ಮೇಲಾದ ಪರಿಣಾಮಕ್ಕೆ ಪುರಾವೆ ಸಾಲದು ಅಂತ. ಈಗ ಆ ತಂಡಗಳ ಲೀಡ್‌ಗಳಿಂದ ಬರಹ ಕೇಳುತ್ತಿದ್ದೇನೆ. ಇಬ್ಬರು ಕೊಟ್ಟಿದ್ದಾರೆ, ಮೂರನೆಯವರು ಮೀಟಿಂಗ್‌ಗಳಲ್ಲಿ ಮುಳುಗಿದ್ದಾರೆ, ಮುಂದಿನ ವಾರ ಕೊಡುತ್ತೇನೆ ಅಂದಿದ್ದಾರೆ.